ವಿವರ ಮೂರು ಸಾಲು, ಮೊತ್ತ ಮಧ್ಯದಲ್ಲೆಲ್ಲೋ: ಯಾವುದು ಯಾವ ಐಟಂನದು?

ಪ್ರಶ್ನೆ: ನಮಗೆ ಬರುವ ಪಿಡಿಎಫ್ ಇನ್‌ವಾಯ್ಸ್‌ಗಳನ್ನು `pdftotext -layout` ಹಾಕಿ ಟೆಕ್ಸ್ಟ್ ಮಾಡಿ, ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂನಿಂದ ಐಟಂಗಳನ್ನು ಎತ್ತಿಕೊಳ್ಳುತ್ತೇನೆ. ಮೊತ್ತ ಇರುವ ಸಾಲು ಬಂದರೆ ಹೊಸ ಐಟಂ, ಮೊತ್ತ ಇಲ್ಲದ ಸಾಲು ಬಂದರೆ ಹಿಂದಿನ ಐಟಂನ ವಿವರಕ್ಕೆ ಸೇರಿಸು ಅಂತ ಬರೆದಿದ್ದೇನೆ. ಹೆಚ್ಚಿನ ಬಿಲ್‌ಗಳಲ್ಲಿ ಸರಿ ಬರುತ್ತೆ. ಕೆಲವದರಲ್ಲಿ ವಿವರ ಉದ್ದ ಇದ್ದರೆ ಮೊತ್ತ ಬೇರೆ ಸಾಲಿಗೆ ಹೋಗಿ, ಒಂದು ಐಟಂನ ವಿವರ ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ. ಒಟ್ಟು ಮೊತ್ತ ಮಾತ್ರ ಸರಿಯಾಗೇ ಇರುತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಅಪಾಯ ಇರುವುದು. ಒಟ್ಟು ಸರಿ ಇದೆ ಅಂದರೆ ಎಲ್ಲ ಸರಿ ಇದೆ ಅಂದುಕೊಂಡು ಬಿಲ್ ಮುಂದೆ ಹೋಗಿಬಿಡುತ್ತದೆ. ಇಂಥ ಬಿಲ್ ಒಂದನ್ನು ನೋಡೋಣ. `pdftotext` ಕೊಡುವ ಟೆಕ್ಸ್ಟ್ ಹೆಚ್ಚುಕಡಿಮೆ ಹೀಗಿರುತ್ತದೆ:

```
1  ಎಲ್‌ಇಡಿ ಟ್ಯೂಬ್, 4 ಅಡಿ            6    250.00   1500.00
   ತಾಮ್ರದ ವೈರ್, 2.50 ಚದರ ಮಿ.ಮೀ.
2  ಕೆಂಪು ಬಣ್ಣ, 90 ಮೀಟರ್ ಸುರುಳಿ      2   1800.00   3600.00
   ಬೆಂಕಿ ತಡೆಯುವ ಹೊದಿಕೆ
   ಸ್ವಿಚ್ ಬೋರ್ಡ್, 8 ಮಾಡ್ಯೂಲ್
3                                   4    320.00   1280.00
   ಬಿಳಿ ಬಣ್ಣ
                                        ಒಟ್ಟು    6380.00
```

ನಿಮ್ಮ ನಿಯಮವನ್ನು ಇದಕ್ಕೆ ಹಚ್ಚಿ ನೋಡಿ. ಮೊದಲ ಐಟಂ "ಎಲ್‌ಇಡಿ ಟ್ಯೂಬ್, 4 ಅಡಿ ತಾಮ್ರದ ವೈರ್, 2.50 ಚದರ ಮಿ.ಮೀ." ಆಗುತ್ತದೆ. ಎರಡನೆಯದು ಕೆಂಪು ಬಣ್ಣದಿಂದ ಶುರುವಾಗಿ ಸ್ವಿಚ್ ಬೋರ್ಡ್‌ನಲ್ಲಿ ಮುಗಿಯುತ್ತದೆ. ಮೂರನೆಯದಕ್ಕೆ ಉಳಿಯುವುದು ಬರೀ "ಬಿಳಿ ಬಣ್ಣ". ಮೂರೂ ತಪ್ಪು. ಆದರೆ 6 × 250 = 1500 ಸರಿ, 2 × 1800 = 3600 ಸರಿ, 4 × 320 = 1280 ಸರಿ, ಒಟ್ಟು 6380 ಕೂಡ ಸರಿ. ಅಂಕಿಗಳೆಲ್ಲ ಒಂದೇ ಎತ್ತರದಲ್ಲಿ ಒಟ್ಟಿಗೆ ಇರುವುದರಿಂದ ಲೆಕ್ಕದ ಪರೀಕ್ಷೆ ಯಾವಾಗಲೂ ಪಾಸು. ಕೆಟ್ಟಿರುವುದು ವಿವರ ಮಾತ್ರ, ಅದನ್ನು ಆ ಪರೀಕ್ಷೆ ನೋಡುವುದೇ ಇಲ್ಲ. ಸ್ಟಾಕ್ ಲೆಕ್ಕ ಇಡುವವರಿಗೆ ತಿಂಗಳ ಕೊನೆಗೆ ಗೊತ್ತಾಗುತ್ತದೆ ಅಷ್ಟೇ.

ಇದು ಆಗುವುದೇಕೆ? ಬಿಲ್ ತಯಾರಿಸುವ ಸಾಫ್ಟ್‌ವೇರ್ ಟೇಬಲ್‌ನ ಖಾನೆಗಳಲ್ಲಿ ಅಕ್ಷರಗಳನ್ನು ಮೇಲಕ್ಕೋ, ನಡುವಿಗೋ, ಕೆಳಕ್ಕೋ ಕೂರಿಸುತ್ತದೆ. ವಿವರ ಮೂರು ಸಾಲಿಗೆ ಮುರಿದರೆ ಖಾನೆ ಎತ್ತರವಾಗುತ್ತದೆ. ಮೊತ್ತಕ್ಕೆ ಬೇಕಿರುವುದು ಒಂದೇ ಸಾಲು, ಅದು ಆ ಎತ್ತರದ ಯಾವ ಮಟ್ಟದಲ್ಲಿ ಕೂತಿದೆ ಅನ್ನುವುದು ಆ ಟೆಂಪ್ಲೇಟ್‌ನ ಆಯ್ಕೆ. ಮೇಲಕ್ಕೆ ಕೂತಿದ್ದರೆ ನಿಮ್ಮ ನಿಯಮ ಸರಿ. ಕೆಳಕ್ಕೆ ಕೂತಿದ್ದರೆ ನಿಯಮವನ್ನು ತಿರುಗಿಸಿದರೆ ಸಾಕು: ಮೊತ್ತಕ್ಕಿಂತ ಮೇಲಿನ ಸಾಲುಗಳು ಆ ಮೊತ್ತಕ್ಕೇ ಸೇರುತ್ತವೆ. ಕಾಡುವುದು ನಡುವಿನದು. ಮೂರು ಸಾಲಿನ ವಿವರಕ್ಕೆ ಮೊತ್ತ ಎರಡನೇ ಸಾಲಿನ ಪಕ್ಕ ಬರುತ್ತದೆ. ಎರಡು ಸಾಲಿನ ವಿವರಕ್ಕಾದರೆ ಎರಡೂ ಸಾಲುಗಳ ನಡುವೆ ಬಂದು, ಟೆಕ್ಸ್ಟ್‌ನಲ್ಲಿ ತನ್ನದೇ ಒಂದು ಸಾಲಾಗಿಬಿಡುತ್ತದೆ.

ಹಾಗಾಗಿ ಬರೀ ಟೆಕ್ಸ್ಟ್ ಸಾಲುಗಳ ಮೇಲೆ ರೆಗೆಕ್ಸ್ ತಿದ್ದುತ್ತಾ ಕೂರಬೇಡಿ. ನಿಮಗೆ ಬೇಕಾದ ಮಾಹಿತಿ, ಅಂದರೆ ಪ್ರತಿ ಸಾಲು ಪುಟದ ಯಾವ ಎತ್ತರದಲ್ಲಿದೆ ಅನ್ನುವುದು, ಆ ಟೆಕ್ಸ್ಟ್‌ನಲ್ಲಿ ಆಗಲೇ ಕಳೆದುಹೋಗಿದೆ. ನೀವು ಹೇಗೂ ಪೈಥಾನ್ ಬಳಸುತ್ತಿದ್ದೀರಿ, `pdfplumber` ಹಾಕಿಕೊಳ್ಳಿ. ಅದು ಪ್ರತಿ ಸಾಲಿಗೂ `top` ಅಂತ ಒಂದು ಅಂಕಿ ಕೊಡುತ್ತದೆ. ಪುಟದ ಮೇಲಂಚಿನಿಂದ ಎಷ್ಟು ಪಾಯಿಂಟ್ ಕೆಳಗೆ ಅನ್ನುವುದು ಅದರ ಅರ್ಥ. 72 ಪಾಯಿಂಟ್ ಅಂದರೆ ಒಂದು ಇಂಚು.

ಶುರು ಮಾಡುವ ಮುಂಚೆ ಒಂದು ವಿಷಯ ನೋಡಿಬಿಡಿ. ಐಟಂಗಳ ನಡುವೆ ಅಡ್ಡಗೆರೆ, ಕಾಲಂಗಳ ನಡುವೆ ಉದ್ದಗೆರೆ ಎರಡನ್ನೂ ಎಳೆದಿದ್ದಾರಾ? ಎಳೆದಿದ್ದರೆ `page.extract_tables()` ಆ ಗೆರೆಗಳನ್ನು ಹಿಡಿದು ಖಾನೆಗಳನ್ನು ತಾನೇ ಬೇರ್ಪಡಿಸುತ್ತದೆ, ಮುಂದೆ ಹೇಳುವ ಯಾವುದೂ ಬೇಕಾಗುವುದಿಲ್ಲ. ಎರಡರಲ್ಲಿ ಒಂದೇ ಇದ್ದರೆ, ಅಥವಾ ಗೆರೆಯೇ ಇಲ್ಲದಿದ್ದರೆ ಮುಂದೆ ಓದಿ.

ವಿವರದ ಕಾಲಂ ಮತ್ತು ಮೊತ್ತದ ಕಾಲಂ ಎರಡನ್ನೂ ಬೇರೆ ಬೇರೆಯಾಗಿ ಓದಬೇಕು. ಒಟ್ಟಿಗೆ ಓದಿದಾಗಲೇ ಗೊಂದಲ ಆಗುವುದು, ಅಲ್ವಾ?

```python
desc = page.crop((70, y1, 300, y2)).extract_text_lines()
amts = page.crop((480, y1, 560, y2)).extract_text_lines()
```

`y1` ಅಂದರೆ ಟೇಬಲ್‌ನ ಹೆಡ್ಡಿಂಗ್ ಮುಗಿಯುವ ಎತ್ತರ, `y2` ಅಂದರೆ ಒಟ್ಟು ಮೊತ್ತದ ಸಾಲು ಶುರುವಾಗುವ ಎತ್ತರ. ಅಡ್ಡ ಅಳತೆಗಳನ್ನು ನಿಮ್ಮ ಬಿಲ್ ನೋಡಿ ಹಾಕಿಕೊಳ್ಳಿ. ಕತ್ತರಿಸುವ ಅಂಚು ಎರಡು ಕಾಲಂಗಳ ನಡುವಿನ ಖಾಲಿ ಜಾಗದಲ್ಲೇ ಬೀಳಲಿ, ಅಕ್ಷರದ ಮೇಲೆ ಬೀಳುವುದು ಬೇಡ. ಹೀಗೆ ಮಾಡಿದರೆ ಇನ್ನೊಂದು ಕಾಟವೂ ತಪ್ಪುತ್ತದೆ. ವೈರ್‌ನ "2.50" ನೋಡಲು ಥೇಟ್ ಮೊತ್ತದ ಹಾಗೇ ಇದೆ. ಅದು ವಿವರದ ಕಾಲಂನಲ್ಲಿದೆ ಅನ್ನುವುದೊಂದೇ ಅದನ್ನು ಬೇರೆ ಮಾಡುವುದು.

ಈಗ `top` ಅಂಕಿಗಳನ್ನು ಪ್ರಿಂಟ್ ಮಾಡಿಸಿ ಕಣ್ಣಲ್ಲೇ ನೋಡಿ. ನಮ್ಮ ಬಿಲ್‌ನಲ್ಲಿ ವಿವರದ ಸಾಲುಗಳು 200, 220, 232, 244, 264, 276ರಲ್ಲಿವೆ ಅಂದುಕೊಳ್ಳಿ. ಮೊತ್ತಗಳು 200, 232, 270ರಲ್ಲಿ. ಆ 270 ನೋಡಿ: ಅದು ಯಾವ ವಿವರದ ಸಾಲಿಗೂ ಸಮನಾಗಿಲ್ಲ, 264 ಮತ್ತು 276ರ ಸರಿ ನಡುವೆ ಇದೆ. ಟೆಂಪ್ಲೇಟ್ ನಡುವಿಗೆ ಕೂರಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಮೊತ್ತವನ್ನು ದಪ್ಪ ಅಕ್ಷರದಲ್ಲೋ ಬೇರೆ ಅಳತೆಯಲ್ಲೋ ಹಾಕಿದ್ದರೆ ಒಂದೆರಡು ಪಾಯಿಂಟ್ ಆಚೀಚೆ ಆಗುವುದುಂಟು. ಅದಕ್ಕೆ 3 ಪಾಯಿಂಟ್‌ವರೆಗಿನ ವ್ಯತ್ಯಾಸವನ್ನು ಸಮ ಅಂತಲೇ ತೆಗೆದುಕೊಳ್ಳಿ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು "ಪ್ರತಿ ಸಾಲನ್ನು ಹತ್ತಿರದ ಮೊತ್ತಕ್ಕೆ ಸೇರಿಸು" ಅನ್ನುವ ಉಪಾಯ. ಈ ಬಿಲ್‌ನಲ್ಲಿ ಅದು ಕೆಲಸ ಮಾಡಿಬಿಡುತ್ತದೆ. ಅದೇ ತೊಂದರೆ. ಒಂದೇ ಸಾಲಿನ ಐಟಂ 300ರಲ್ಲಿದ್ದು, ಅದರ ಕೆಳಗಿನ ಐಟಂ 320ರಿಂದ 368ರವರೆಗೆ ಐದು ಸಾಲು ಇದೆ ಅಂದುಕೊಳ್ಳಿ. ಅದರ ಮೊತ್ತ 344ರಲ್ಲಿ ಕೂರುತ್ತದೆ. 320ನೇ ಸಾಲಿಗೆ ಮೇಲಿನ ಮೊತ್ತ 20 ಪಾಯಿಂಟ್ ದೂರ, ತನ್ನದೇ ಮೊತ್ತ 24 ಪಾಯಿಂಟ್ ದೂರ. ಐದು ಸಾಲಿನ ಐಟಂ ತನ್ನ ಮೊದಲ ಸಾಲನ್ನೇ ಕಳೆದುಕೊಳ್ಳುತ್ತದೆ. ಹೆಸರು ಇರುವುದು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ.

ದೂರಕ್ಕಿಂತ ಸಾಲುಗಳ ನಡುವಿನ ಅಂತರವನ್ನು ನಂಬುವುದು ಒಳ್ಳೆಯದು. ನಮ್ಮ ಬಿಲ್‌ನಲ್ಲಿ ಅಂತರಗಳು 20, 12, 12, 20, 12. ಒಂದೇ ಐಟಂನ ಸಾಲುಗಳ ನಡುವೆ 12, ಐಟಂ ಬದಲಾದಲ್ಲಿ 20. ಖಾನೆಯ ಮೇಲೆ ಕೆಳಗೆ ಬಿಡುವ ಜಾಗದಿಂದ ಈ ವ್ಯತ್ಯಾಸ ಬರುತ್ತದೆ. ಎರಡರ ಮಧ್ಯದ 16ನ್ನು ಗಡಿ ಅಂತ ಇಟ್ಟುಕೊಂಡು ಕತ್ತರಿಸಿ:

```python
blocks = [[desc[0]]]
for a, b in zip(desc, desc[1:]):
    if b["top"] - a["top"] > 16:
        blocks.append([])
    blocks[-1].append(b)
```

ಮೂರು ಗುಂಪು ಸಿಗುತ್ತವೆ, ಮೊತ್ತಗಳೂ ಮೂರು. ಕ್ರಮವಾಗಿ ಜೋಡಿ ಮಾಡಿ. ನಿಮಗೆ ಇಲ್ಲಿಯವರೆಗೆ ಇಲ್ಲದಿದ್ದ ಪರೀಕ್ಷೆಯೂ ಈಗ ಕೈಗೆ ಬರುತ್ತದೆ: ಗುಂಪಿನ ಮೊದಲ ಮತ್ತು ಕೊನೆಯ ಸಾಲಿನ `top` ಕೂಡಿಸಿ ಅರ್ಧ ಮಾಡಿ, ಅದು ಮೊತ್ತದ `top` ಆಗಿರಬೇಕು. ವೈರ್‌ಗೆ 220 ಮತ್ತು 244ರ ನಡು 232, ಸರಿ. ಸ್ವಿಚ್ ಬೋರ್ಡ್‌ಗೆ 264 ಮತ್ತು 276ರ ನಡು 270, ಅದೂ ಸರಿ. ಒಂದು ಸಾಲು ತಪ್ಪಾದ ಗುಂಪಿಗೆ ಹೋಗಿದ್ದರೆ ನಡು 6 ಪಾಯಿಂಟ್‌ ಅಥವಾ ಅದಕ್ಕಿಂತ ಜಾಸ್ತಿ ಸರಿದಿರುತ್ತದೆ, ತಕ್ಷಣ ಸಿಕ್ಕಿಬೀಳುತ್ತದೆ. ಒಟ್ಟು ಮೊತ್ತದ ಪರೀಕ್ಷೆಗೆ ಕಾಣದ ತಪ್ಪು ಇದಕ್ಕೆ ಕಾಣುತ್ತದೆ.

ಎಲ್ಲ ಅಂತರವೂ ಒಂದೇ ಆಗಿದ್ದರೆ? ಜಾಗ ಉಳಿಸಲು ಒತ್ತಿ ಕೂರಿಸಿದ ಬಿಲ್‌ಗಳಲ್ಲಿ ಹಾಗಿರುವುದುಂಟು. ಆಗ ಅದೇ ನಡುವಿನ ಲೆಕ್ಕವನ್ನು ಉಲ್ಟಾ ಬಳಸಿ. ನನಗೆ ಇಷ್ಟವಾದ ಭಾಗ ಇದು. ಸಾಲುಗಳು 200, 212, 224, 236, 248, 260ರಲ್ಲಿ, ಮೊತ್ತಗಳು 200, 224, 254ರಲ್ಲಿ ಇವೆ ಅನ್ನಿ. ಮೊದಲ ಐಟಂ ಶುರುವಾಗುವುದು 200ರಲ್ಲಿ ಅಂತ ಗೊತ್ತೇ ಇದೆ, ನಡು ಕೂಡ 200, ಹಾಗಾದರೆ ಮುಗಿಯುವುದೂ 200ರಲ್ಲೇ. ಎರಡನೆಯದು 212ರಲ್ಲಿ ಶುರು, ನಡು 224. 224ರ ಎರಡರಷ್ಟರಿಂದ 212 ಕಳೆದರೆ 236, ಅಲ್ಲಿ ಮುಗಿಯಿತು. ಮೂರನೆಯದು 248ರಲ್ಲಿ ಶುರು, ನಡು 254, ಮುಗಿಯುವುದು 260ರಲ್ಲಿ. ಅದೇ ಕೊನೆಯ ಸಾಲು, ಲೆಕ್ಕ ಚೊಕ್ಕ. ಪ್ರತಿ ಹೆಜ್ಜೆಯಲ್ಲೂ ಬಂದ ಉತ್ತರ ನಿಜವಾದ ಒಂದು ಸಾಲಿನ ಮೇಲೇ ಬೀಳಬೇಕು. ಬೀಳದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು, ಆ ಬಿಲ್‌ ಅನ್ನು ಮನುಷ್ಯರ ಕಡೆ ಕಳಿಸಲಿ. ಊಹೆ ಮಾಡಿ ಮುಂದೆ ಹೋಗುವುದು ಬೇಡ.

ಗುಂಪುಗಳ ಸಂಖ್ಯೆ ಮೊತ್ತಗಳ ಸಂಖ್ಯೆಗೆ ಹೊಂದದಿದ್ದಾಗ ಮೊದಲು ಎರಡು ಕಡೆ ನೋಡಿ. ಉಚಿತವಾಗಿ ಕೊಟ್ಟ ಐಟಂಗೆ ಮೊತ್ತದ ಖಾನೆ ಖಾಲಿ ಇರಬಹುದು. ಅಂಥ ಬಿಲ್‌ಗಳಲ್ಲಿ ಮೊತ್ತದ ಬದಲು ಕ್ವಾಂಟಿಟಿ ಕಾಲಂ ಹಿಡಿದುಕೊಳ್ಳಿ, ಅದು ಖಾಲಿ ಇರುವುದು ಕಡಿಮೆ. ಇನ್ನೊಂದು, ಪುಟ ಬದಲಾಗುವ ಜಾಗ. ಐಟಂನ ವಿವರ ಅರ್ಧಕ್ಕೇ ಮುರಿದು ಮುಂದಿನ ಪುಟಕ್ಕೆ ಹೋಗಿದ್ದರೆ, ಅಲ್ಲಿ ಮೊತ್ತವಿಲ್ಲದ ಒಂದು ಗುಂಪು ಮೇಲೇ ಕಾಣುತ್ತದೆ. ಮೊತ್ತ ಮೇಲಕ್ಕೆ ಕೂರುವ ಟೆಂಪ್ಲೇಟ್ ಆದರೆ ಅದನ್ನು ಹಿಂದಿನ ಪುಟದ ಕೊನೆಯ ಐಟಂಗೆ ಧೈರ್ಯವಾಗಿ ಸೇರಿಸಬಹುದು. ನಡುವಿಗೆ ಕೂರುವ ಟೆಂಪ್ಲೇಟ್‌ನಲ್ಲಿ ಮುರಿದ ಐಟಂಗೆ ನಡುವಿನ ಲೆಕ್ಕ ನಡೆಯುವುದಿಲ್ಲ. ಅದನ್ನು ಕೈಯಾರೆ ನೋಡಿ.

ಸ್ಕ್ಯಾನ್ ಮಾಡಿದ ಬಿಲ್ ಆದರೆ ಟೆಸೆರಾಕ್ಟ್‌ನ `tsv` ಔಟ್‌ಪುಟ್‌ನಲ್ಲೂ ಪ್ರತಿ ಪದದ `left`, `top` ಸಿಗುತ್ತವೆ, ಇದೇ ವಿಧಾನ ನಡೆಯುತ್ತದೆ. ಅಳತೆ ಪಿಕ್ಸೆಲ್‌ನಲ್ಲಿರುತ್ತದೆ ಅಷ್ಟೇ. 300 ಡಿಪಿಐನಲ್ಲಿ 12 ಪಾಯಿಂಟ್ ಅಂದರೆ 50 ಪಿಕ್ಸೆಲ್. ಆದರೆ ಕಾಗದ ಓರೆಯಾಗಿ ಕೂತಿದ್ದರೆ ಎಲ್ಲ ಕೆಟ್ಟಿತು. ವಿವರಕ್ಕೂ ಮೊತ್ತಕ್ಕೂ 400 ಪಾಯಿಂಟ್ ಅಂತರ ಇದ್ದರೆ, ಬರೀ ಒಂದು ಡಿಗ್ರಿ ಓರೆಗೆ ಮೊತ್ತ ಸುಮಾರು 7 ಪಾಯಿಂಟ್ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಅದು ಅರ್ಧ ಸಾಲಿಗಿಂತ ಜಾಸ್ತಿ. ಮೇಲಕ್ಕೆ ಕೂರುವ ಟೆಂಪ್ಲೇಟ್ ಕೂಡ ನಡುವಿಗೆ ಕೂರುವ ಹಾಗೆ ಕಾಣಿಸುತ್ತದೆ. ಅದಕ್ಕೆ ಮೊದಲು ಚಿತ್ರವನ್ನು ನೇರ ಮಾಡಿ, ಆಮೇಲೆ ಓದಿಸಿ.