ನಾಲ್ಕು ನಿಮಿಷದ ಶೋರೀಲ್‌ನಲ್ಲಿ ಎಡಿಟರ್ ಎಲ್ಲಿದ್ದಾನೆ?

ಈ ಹುಡುಗನನ್ನು ಕಿರಣ್ ಎಂದು ಕರೆಯೋಣ. ಹೆಸರು ಮತ್ತು ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ವಯಸ್ಸು 24, ಬಿ.ಕಾಂ. ಆಗಿದೆ. ದಾವಣಗೆರೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದವನು ಕೆಲಸ ಬಿಟ್ಟು ಮನೆಯಿಂದಲೇ ಫ್ರೀಲಾನ್ಸ್ ಶುರು ಮಾಡಿದ್ದ. ಯೂಟ್ಯೂಬ್ ಚಾನೆಲ್‌ನವರಿಗೆ, ಬೆಂಗಳೂರಿನ ಜಾಹೀರಾತು ಏಜೆನ್ಸಿಗಳಿಗೆ ಶೋರೀಲ್, ಅಂದರೆ ತಾನು ಮಾಡಿದ ಕೆಲಸದ ತುಣುಕು ಜೋಡಿಸಿದ ವಿಡಿಯೋ ಕಳಿಸಿ ಕಾಯುತ್ತಿದ್ದ. ಯಾರಿಂದಲೂ ಉತ್ತರ ಇಲ್ಲ. ಅವನು ನನ್ನ ಹತ್ತಿರ ತಂದ ಪ್ರಶ್ನೆಯೇ ಬೇರೆ: "ಮೇಡಂ, ಸಾಲ ಮಾಡಿ ಒಳ್ಳೆ ಕಂಪ್ಯೂಟರ್ ತಗೊಳ್ಲಾ? ಇಲ್ಲಾ ಅಪ್ಪ ಹೇಳಿದ ಹಾಗೆ ಬ್ಯಾಂಕ್ ಪರೀಕ್ಷೆಗೆ ಓದ್ಲಾ?"

ಎರಡಕ್ಕೂ ಉತ್ತರ ಹೇಳುವ ಮೊದಲು ಕಳಿಸಿದ್ದೇನು ನೋಡೋಣ ಅಂದೆ. ಸಲಹೆಗಾರಳಾಗುವ ಮೊದಲು ನಾನೂ ಕೆಲವು ವರ್ಷ ಎಡಿಟಿಂಗ್ ರೂಮಿನಲ್ಲಿ ಕೂತವಳು. ಅವನು ಕಳಿಸಿದ್ದ ಲಿಂಕನ್ನೇ ನನ್ನ ಫೋನಿನಲ್ಲಿ ಒತ್ತಿದೆ. ವಿಡಿಯೋ ಬರಲಿಲ್ಲ. ಒಳಗೆ ಹೋಗಲು ಅನುಮತಿ ಕೇಳಿ ಅಂತ ಬಂತು. ಗೂಗಲ್ ಡ್ರೈವ್‌ನಲ್ಲಿ ಹಂಚಿಕೆಯ ಆಯ್ಕೆಯನ್ನು `Anyone with the link` ಮಾಡಿಯೇ ಇರಲಿಲ್ಲ. ಅವನ ಫೋನಿನಲ್ಲಿ ಮಾತ್ರ ಚೆನ್ನಾಗಿ ತೆರೆಯುತ್ತಿತ್ತು, ಯಾಕಂದರೆ ಅದು ಅವನದೇ ಖಾತೆ. ಹುಡುಗನ ಮುಖ ಇಳಿದುಹೋಯಿತು.

ಆದರೆ ಲಿಂಕ್ ಸರಿ ಇದ್ದಿದ್ದರೂ ಆ ರೀಲ್ ಕೆಲಸ ತರುತ್ತಿತ್ತು ಅಂತ ನನಗೆ ಅನಿಸಲಿಲ್ಲ. ನಾಲ್ಕು ನಿಮಿಷದ ವಿಡಿಯೋ. ಹತ್ತಾರು ಮದುವೆಗಳಿಂದ ಹೆಕ್ಕಿದ ಶಾಟ್‌ಗಳು: ಡ್ರೋನ್, ಮಂಟಪ, ಸ್ಲೋ ಮೋಷನ್‌ನಲ್ಲಿ ಅಕ್ಷತೆ. ಹಿಂದೆ ಒಂದು ಸಿನಿಮಾ ಹಾಡು, ಅದರ ತಾಳಕ್ಕೆ ತಕ್ಕ ಹಾಗೆ ಕಟ್. ನೋಡೋಕೆ ಜೋರಾಗಿಯೇ ಇತ್ತು. ಸೌಂಡ್ ಮ್ಯೂಟ್ ಮಾಡಿ ಮತ್ತೆ ಹಾಕಿದೆ. ಅರ್ಧ ನಿಮಿಷಕ್ಕೆ ಅವನೇ ಕಣ್ಣು ಬೇರೆ ಕಡೆ ಹೊರಳಿಸಿದ.

"ಇದರಲ್ಲಿ ನೀನು ಮಾಡಿದ್ದು ಯಾವುದಪ್ಪಾ?" ಅಂತ ಕೇಳಿದೆ.

"ಎಲ್ಲಾ ನಾನೇ ಕಟ್ ಮಾಡಿದ್ದು ಮೇಡಂ."

ಕಷ್ಟ ಇರೋದೇ ಅಲ್ಲಿ. ಚೆಂದದ ಶಾಟ್ ಕ್ಯಾಮೆರಾದವನದ್ದು, ಓಟ ಹಾಡಿನದ್ದು, ಮಿಂಚಿನ ಟ್ರಾನ್ಸಿಷನ್ ರೆಡಿ ಟೆಂಪ್ಲೇಟಿನದ್ದು. ಎಡಿಟರ್ ಏನು ಬಿಟ್ಟ, ಯಾವುದನ್ನು ಎಷ್ಟು ಹೊತ್ತು ಹಿಡಿದ ಅನ್ನೋದು ಅದರಲ್ಲಿ ಕಾಣೋದೇ ಇಲ್ಲ. ಕ್ಯಾಮೆರಾಮನ್‌ಗೆ ಅಂಥ ರೀಲ್ ಆಗಬಹುದು. ಕೆಲಸ ಕೊಡುವ ಚಾನೆಲ್‌ನವನಿಗೆ ಬೇಕಾದ್ದು ಬೇರೆ. ಅವನ ಹತ್ತಿರ ತಡವರಿಸುತ್ತಾ ಮಾತಾಡಿದ ಇಪ್ಪತ್ತು ನಿಮಿಷದ ಫೂಟೇಜ್ ಇರುತ್ತೆ. ಅದನ್ನು ನೋಡುವ ಹಾಗೆ ಮಾಡೋಕೆ ಬರುತ್ತಾ ಅನ್ನೋದಷ್ಟೇ ಅವನ ಪ್ರಶ್ನೆ. ಜೊತೆಗೆ ಸಿನಿಮಾ ಹಾಡಿನ ತೊಂದರೆ. ಯೂಟ್ಯೂಬ್‌ಗೆ ಹಾಕಿದರೆ ಹಕ್ಕುದಾರರು ವಿಡಿಯೋವನ್ನೇ ತಡೆಯಬಹುದು. ಅದೂ ನಾವು ಕೆಲಸ ಕೇಳುವ ಹೊತ್ತಿಗೇ.

ಆ ರೀಲನ್ನು ಪಕ್ಕಕ್ಕಿಟ್ಟು ಬಿಡಿಬಿಡಿಯಾಗಿ ಮೂರು ತುಣುಕು ಮಾಡು ಅಂದೆ. ಒಂದೊಂದೂ ಒಂದೂವರೆ ನಿಮಿಷದ ಒಳಗೆ. ಒಂದೊಂದಕ್ಕೂ ಶುರು ಇರಬೇಕು, ಮುಕ್ತಾಯ ಇರಬೇಕು.

ಮೊದಲನೆಯದು ಮಾತಿನ ತುಣುಕು. ಅವನು ಕೇಳುತ್ತಿರುವ ಕೆಲಸದಲ್ಲಿ ಅದೇ ಜಾಸ್ತಿ, ಹಾಗಾಗಿ ಅದೇ ಮೊದಲು ಕಾಣಬೇಕು. ಚನ್ನಗಿರಿ ಕಡೆ ಅವನ ಸೋದರಮಾವನಿಗೆ ಅಡಿಕೆ ತೋಟ ಇದೆ. ಮಾವನನ್ನು ಮೊಬೈಲ್‌ನಲ್ಲೇ ಮಾತಾಡಿಸಿಕೊಂಡು ಬಂದ. ಮೊದಲ ಸಲ ಕಟ್ ಮಾಡಿ ತಂದಾಗ ಪ್ರತಿ ಕಟ್‌ಗೂ ಮಾವನ ತಲೆ ಪಟ್ ಅಂತ ಜಿಗಿಯುತ್ತಿತ್ತು. ತಡವರಿಕೆ ತೆಗೆದಿದ್ದ, ಆದರೆ ತೆಗೆದ ಜಾಗ ಎದ್ದು ಕಾಣುತ್ತಿತ್ತು. ಅಂಥ ಕಡೆ ಮಾವನ ಮಾತು ಓಡುತ್ತಿರುವಾಗಲೇ ಮೇಲೆ ತೋಟದ ಶಾಟ್ ಹಾಕಬೇಕು: ಗೊನೆ ಇಳಿಸುವುದು, ಸುಲಿಯುವ ಕೈ. ಮುಂದಿನ ಮಾತಿನ ದನಿ ಅರ್ಧ ಸೆಕೆಂಡ್ ಮೊದಲೇ ಬಂದು ಆಮೇಲೆ ಮುಖ ಬಂದರೆ ಬೆಸುಗೆ ಗೊತ್ತಾಗೋದಿಲ್ಲ. ಪರೀಕ್ಷೆ ಸುಲಭ. ಕಣ್ಣು ಮುಚ್ಚಿ ಕೇಳಬೇಕು. ಉಸಿರು ಅರ್ಧಕ್ಕೆ ಕತ್ತರಿಸಿ ಹೋಗಿದ್ದರೆ, ಒಂದು ವಾಕ್ಯದ ಹಿಂದಿನ ಗಾಳಿ ಸದ್ದು ಇನ್ನೊಂದಕ್ಕೆ ಹೊಂದದಿದ್ದರೆ ಕಿವಿಗೆ ತಕ್ಷಣ ಹೊಡೆಯುತ್ತೆ. ಅದಕ್ಕೇ ಮಾತಿಲ್ಲದ ತೋಟದ ಸದ್ದನ್ನು ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು, ಅಡಿಯಲ್ಲಿ ಉದ್ದಕ್ಕೂ ಹಾಸಬೇಕು.

ಇದೇ ತುಣುಕಿನಲ್ಲಿ ಕನ್ನಡ ಅಕ್ಷರವೂ ಇತ್ತು. 'ಕೊಯ್ಲು' ಅಂತ ಹಾಕಿದ್ದು ತೆರೆಯ ಮೇಲೆ ಒತ್ತಕ್ಷರ ಕಳಚಿ 'ಕೊಯ್‌ಲು' ಆಗಿತ್ತು. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಕನ್ನಡದ ಒತ್ತನ್ನು ತಾವಾಗೇ ಕೂಡಿಸುವುದಿಲ್ಲ. ಕೆಲವದರಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಬೇಕು, ಫಾಂಟ್ ಯೂನಿಕೋಡ್ ಇರಬೇಕು. ಕನ್ನಡ ಚಾನೆಲ್‌ಗೆ ಕೆಲಸ ಕೇಳುವವನ ರೀಲ್‌ನಲ್ಲೇ ಒತ್ತು ಮುರಿದಿದ್ದರೆ ಮುಂದೆ ನೋಡುವವರು ಯಾರು, ಹೇಳಿ?

ಎರಡನೆಯದು ಮಾತೇ ಇಲ್ಲದ್ದು, ಸಂಗೀತವೂ ಇಲ್ಲದ್ದು. ಇದಕ್ಕೆ ಮಂಡಕ್ಕಿ ಭಟ್ಟಿ ಅವನದೇ ಆಲೋಚನೆ. ನಮ್ಮೂರಲ್ಲಿ ಬೇರೇನು ಹೊಳೆಯಬೇಕು! ಮಾಲೀಕರನ್ನು ಕೇಳಿ, ಬೆಳಗಿನ ಜಾವ ಹೋಗಿ ಚಿತ್ರೀಕರಿಸಿದ. ಬಾಣಲೆಯಲ್ಲಿ ಕಾದ ಮರಳು, ಅಕ್ಕಿ ಬಿದ್ದ ಕೂಡಲೇ ಚಟಪಟ, ಜರಡಿಯಲ್ಲಿ ಮರಳು ಸೋರುವ ಸದ್ದು. ಸದ್ದಿನಿಂದ ಸದ್ದಿಗೆ ಕಟ್ ಮಾಡು ಅಂದಿದ್ದೆ. ಅವನು ಅಭ್ಯಾಸದಂತೆ ಎಲ್ಲವನ್ನೂ ಒಂದೊಂದು ಸೆಕೆಂಡಿಗೆ ಕತ್ತರಿಸಿ ತಂದ. ಅಕ್ಕಿ ಅರಳುವ ಶಾಟನ್ನು ನಾಲ್ಕು ಸೆಕೆಂಡ್ ಬಿಡಿಸಿದೆವು. ಇಡೀ ರೀಲ್‌ನಲ್ಲಿ ನನಗೆ ಹಿಡಿಸಿದ ಜಾಗ ಅದೇ.

ಮೂರನೆಯದು ಮದುವೆ. ಒಂದೇ ಮದುವೆಯ ಧಾರೆಯ ಪ್ರಸಂಗ ಮಾತ್ರ. ಆ ಫೂಟೇಜ್ ಸ್ಟುಡಿಯೋದ್ದು, ಮುಖ ಆ ಕುಟುಂಬದವರದ್ದು. ಇಬ್ಬರಿಂದಲೂ ವಾಟ್ಸ್ಆ್ಯಪ್‌ನಲ್ಲಿ ಬರೆದ ಒಪ್ಪಿಗೆ ತಗೋ ಅಂದೆ. ಅವನು ಮೊದಲು ಕೇಳಿದ ಮನೆಯವರು ಬೇಡ ಅಂದರು, ಇನ್ನೊಂದು ಮನೆಯವರು ಒಪ್ಪಿದರು. ಸಂಗೀತಕ್ಕೆ ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಿಂದ ಒಂದು ಟ್ರ್ಯಾಕ್ ತಗೊಂಡೆವು. ಅಲ್ಲಿ ಕೆಲವಕ್ಕೆ ರಚಿಸಿದವರ ಹೆಸರು ಹಾಕಲೇಬೇಕು, ಅದನ್ನು ನೋಡಿಕೊಳ್ಳಬೇಕು.

ಮೂರನ್ನೂ ಬೇರೆ ಬೇರೆ ವಿಡಿಯೋ ಆಗಿ ಯೂಟ್ಯೂಬ್‌ನಲ್ಲಿ `Unlisted` ಇಟ್ಟ, ಲಿಂಕ್ ಇದ್ದವರಿಗಷ್ಟೇ ಕಾಣುವ ಹಾಗೆ. ಪ್ರತಿಯೊಂದರ ಕೆಳಗೆ ಎರಡೇ ಸಾಲು. ಅಡಿಕೆಯದಕ್ಕೆ ಹೀಗೆ ಬರೆದೆವು: "ಮೊಬೈಲ್‌ನಲ್ಲಿ ತೆಗೆದ 18 ನಿಮಿಷದ ಮಾತು, 80 ಸೆಕೆಂಡಿಗೆ ಇಳಿಸಿದ್ದು. ಚಿತ್ರೀಕರಣ, ಕಟ್, ಸೌಂಡ್, ಕನ್ನಡ ಅಕ್ಷರ ನನ್ನವು." ಮದುವೆಯದಕ್ಕೆ, ಕ್ಯಾಮೆರಾ ಸ್ಟುಡಿಯೋದ್ದು, ಎಡಿಟಿಂಗ್ ಮಾತ್ರ ನನ್ನದು ಅಂತ. ಕಳಿಸುವ ಮೊದಲು ಅಕ್ಕನ ಫೋನಿನಲ್ಲಿ ಲಿಂಕ್ ತೆರೆದು, ಹೆಡ್‌ಫೋನ್ ಇಲ್ಲದೆ ಸ್ಪೀಕರ್‌ನಲ್ಲೇ ಕೇಳಿ ನೋಡಿದ. ಸಂಗೀತದಡಿ ಮಾತು ಮುಳುಗಿದ್ದರೆ ಅಲ್ಲೇ ಗೊತ್ತಾಗೋದು.

ಕಂಪ್ಯೂಟರ್ ಸಾಲ ಬೇಡ ಅಂದೆ. ಈ ಮೂರೂ ಅವನ ಹಳೇ ಲ್ಯಾಪ್‌ಟಾಪ್‌ನಲ್ಲೇ, ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲಿ ಆದವು. ಲ್ಯಾಪ್‌ಟಾಪ್ ತಡವರಿಸಿದ್ದು ನಿಜ. ಕಡಿಮೆ ಗಾತ್ರದ ಪ್ರಾಕ್ಸಿ ಫೈಲ್ ಮಾಡಿಕೊಂಡು ಎಡಿಟ್ ಮಾಡಿದ, ಕೊನೆಗೆ 1080ಪಿಯಲ್ಲಿ ಮೂಲ ಫೂಟೇಜ್‌ನಿಂದ ತೆಗೆದ. ಬ್ಯಾಂಕ್ ಪರೀಕ್ಷೆಯ ಮಾತು ಅಪ್ಪ-ಮಗನದ್ದು. ಅರ್ಜಿ ಹಾಕಿದರೆ ನಷ್ಟ ಇಲ್ಲ ಅಂತಷ್ಟೇ ಹೇಳಿದೆ, ಹಾಕಿದ್ದಾನೆ.

ಮೊನ್ನೆ ಒಂದು ಕೃಷಿ ಚಾನೆಲ್‌ನವರು ಅಡಿಕೆಯ ತುಣುಕು ನೋಡಿ, ಒಂದು ಪೂರ್ತಿ ಎಪಿಸೋಡ್ ಸ್ಯಾಂಪಲ್ ಆಗಿ ಪುಕ್ಕಟೆ ಮಾಡಿಕೊಡಿ ಅಂದರಂತೆ. "ಒಂದು ನಿಮಿಷದಷ್ಟು ಮಾಡಿಕೊಡ್ತೀನಿ, ಪೂರ್ತಿಗೆ ಇಷ್ಟು ದುಡ್ಡು ಅಂತ ಬರಿ" ಅಂದೆ. ಬರೆದಿದ್ದಾನೆ. ದುಡ್ಡು ಬರುವ ಮಾತಿನ ಕೆಲಸ ಒಂದು ಮುಗಿದ ಮೇಲೆ, ಅವರನ್ನು ಕೇಳಿ ಅದನ್ನು ರೀಲ್‌ಗೆ ಹಾಕಬೇಕು, ಮದುವೆಯದನ್ನು ತೆಗೆಯಬೇಕು ಅಂತ ಮಾತಾಗಿದೆ. ಮಂಡಕ್ಕಿಯದನ್ನು ಮಾತ್ರ ತೆಗೆಯಲ್ಲ ಅಂತಾನೆ.