ಅಕ್ಕನಿಗೆ ಬರೆಯುವ ಕ್ಷಮೆಯ ಕಾಗದ

ಪ್ರಶ್ನೆ: ನನಗೆ 46 ವರ್ಷ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಮಗೆ 3 ಎಕರೆ ಹಿಪ್ಪುನೇರಳೆ ತೋಟ ಇದೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅಮ್ಮ ಹೋದ ವರ್ಷ ಹೋದರು. ಉಯಿಲು ಇಲ್ಲ. ನಾವು ಇಬ್ಬರೇ ಮಕ್ಕಳು. ಅಕ್ಕನನ್ನು 1992ರಲ್ಲಿ ಚಿಂತಾಮಣಿ ಕಡೆಗೆ ಕೊಟ್ಟಿದ್ದೇವೆ. ನಾನು ಸ್ಕೂಲಿಗೆ ಹೋಗುವಾಗ ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಅವಳೇ. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ನನ್ನ ಹೆಸರೊಂದನ್ನೇ ಬರೆಸಿದ್ದೆ. ಗೊತ್ತಾಗಿ ಅಕ್ಕ ತಕರಾರು ಕೊಟ್ಟಳು. ಅಮ್ಮನ ವರ್ಷದ ತಿಥಿಯ ದಿನ ನೆಂಟರ ಎದುರಿಗೇ "ನಿನ್ನ ಮದುವೆಗೆ ಸುರಿದದ್ದೇ ನಿನ್ನ ಪಾಲು, ಇನ್ನೊಂದು ಸಲ ಈ ಹೊಸ್ತಿಲು ತುಳಿಯಬೇಡ" ಅಂದುಬಿಟ್ಟೆ. ಊಟ ಮಾಡದೆ ಎದ್ದು ಹೋದಳು. ಮೂರು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಕ್ಷಮೆ ಕೇಳಿ ಕಾಗದ ಬರೆಯಬೇಕು. ಜೊತೆಗೆ ಹಕ್ಕು ಖುಲಾಸೆ ಪತ್ರದ ಕರಡನ್ನೂ ಇಟ್ಟು, ಒಂದಿಷ್ಟು ದುಡ್ಡು ಕೊಡ್ತೀನಿ ಅಂದರೆ ಒಂದೇ ಸಲಕ್ಕೆ ಮುಗಿಯುತ್ತೆ ಅಲ್ವಾ?

ಉತ್ತರ: ಇಲ್ಲ, ಮುಗಿಯುವುದಿಲ್ಲ. ಇನ್ನೂ ಜಾಸ್ತಿ ಕೆಡುತ್ತದೆ. ಆ ಕರಡನ್ನು ದಯವಿಟ್ಟು ಲಕೋಟೆಯಿಂದ ಹೊರಗೆ ತೆಗೆಯಿರಿ. ನಿಮ್ಮ ಅಕ್ಕ ಕಾಗದ ಬಿಚ್ಚಿದಾಗ ಮೊದಲು ಹುಡುಕುವುದೇ "ಇವನಿಗೆ ನನ್ನಿಂದ ಈಗ ಏನು ಬೇಕು?" ಎಂಬುದನ್ನು. ಸಹಿ ಹಾಕುವ ಜಾಗ ಕಣ್ಣಿಗೆ ಬಿದ್ದರೆ ನೀವು ಬರೆದ ಕ್ಷಮೆಯ ಮಾತೆಲ್ಲ ಅದಕ್ಕೆ ಹಾಕಿದ ಪೀಠಿಕೆಯಂತೆ ಕಾಣುತ್ತದೆ.

ಇನ್ನೊಂದು ವಿಷಯ. ನೀವು ಆಡಿದ ಮಾತಿಗೆ ಕ್ಷಮೆ ಕೇಳಲು ಹೊರಟಿದ್ದೀರಿ. ಮಾತು ದೊಡ್ಡದೇ. ಆದರೆ ಅಕ್ಕ ತಕರಾರು ಕೊಟ್ಟದ್ದು ಮಾತಿಗಲ್ಲ. ಮಾತು ಬಂದದ್ದು ಆಮೇಲೆ. ವಂಶವೃಕ್ಷದಲ್ಲಿ ಅಪ್ಪನ ಹೆಸರಿನ ಕೆಳಗೆ ಒಂದೇ ಗೆರೆ ಎಳೆಸಿದಿರಲ್ಲ, ಅಲ್ಲಿ ಅವಳು ಹುಟ್ಟಿಯೇ ಇಲ್ಲ ಅಂತ ಆಯಿತು. ಆಸ್ತಿ ಬೇಡ ಅನ್ನುವ ಹೆಣ್ಣುಮಕ್ಕಳು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ತವರಿನವರೇ ತನ್ನ ಹೆಸರು ಅಳಿಸಿದ್ದನ್ನು ನುಂಗಿಕೊಳ್ಳುವವರು ಕಡಿಮೆ. ನೀವು ಅದನ್ನು ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕಾಗದದಲ್ಲಿ ಹಾಗೆ ದಾಟಬೇಡಿ.

ಕಾನೂನಿನ ಮಾತನ್ನೂ ನೇರವಾಗಿ ಹೇಳಿಬಿಡುತ್ತೇನೆ. ಇದು ನಿಮಗೆ ಸ್ಪಷ್ಟವಿಲ್ಲದಿದ್ದರೆ ಕಾಗದದಲ್ಲಿ ದಾನ ಕೊಡುವವರ ಧಾಟಿ ಬರುತ್ತದೆ. "1994ಕ್ಕಿಂತ ಮೊದಲು ಮದುವೆಯಾದವರಿಗೆ ಪಾಲಿಲ್ಲ" ಎಂದು ಊರಲ್ಲಿ ಯಾರಾದರೂ ಹೇಳಿರಬಹುದು. ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ, 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಖಚಿತ ಮಾಡಿತು. ಜಮೀನು ಪಿತ್ರಾರ್ಜಿತವೋ, ಅಪ್ಪ ದುಡಿದು ಕೊಂಡದ್ದೋ ನೀವು ಬರೆದಿಲ್ಲ. ಉಯಿಲು ಇಲ್ಲದಿರುವುದರಿಂದ, ಹಿಂದೆ ವಿಭಾಗ ಆಗಿಲ್ಲದಿದ್ದರೆ, ಎರಡರಲ್ಲೂ ಲೆಕ್ಕ ಒಂದೇ: ನಿಮಗೆ ಒಂದೂವರೆ ಎಕರೆ, ಅಕ್ಕನಿಗೆ ಒಂದೂವರೆ ಎಕರೆ. ಮದುವೆಯ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ. ನಿಮ್ಮೊಬ್ಬರ ಹೆಸರಿಗೆ ಖಾತೆ ಆಗಿಬಿಟ್ಟಿದ್ದರೂ ಅವಳ ಹಕ್ಕು ಹೋಗುತ್ತಿರಲಿಲ್ಲ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಪೂರ್ತಿ ಜಮೀನಿಗೆ ಒಡೆಯರಾಗುವುದಿಲ್ಲ.

ಹಾಗಾಗಿ ಕಾಗದಕ್ಕಿಂತ ಮೊದಲು ನಾಡಕಚೇರಿಗೆ ಹೋಗಿ. ನೀವು ಹಾಕಿದ ಖಾತೆ ಅರ್ಜಿಯನ್ನು ಹಿಂದಕ್ಕೆ ಪಡೆಯಲು ಬರೆದುಕೊಡಿ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಟ್ಟುಹೋಗಿದೆ, ಸರಿಪಡಿಸಿ ಎಂದು ಇನ್ನೊಂದು ಅರ್ಜಿ ಕೊಡಿ. ಆದರೆ ವಂಶವೃಕ್ಷಕ್ಕೆ ನೀವು ಅಫಿಡವಿಟ್ ಕೊಟ್ಟಿರುತ್ತೀರಿ. ಅದರಲ್ಲಿ ಸುಳ್ಳು ಬರೆಯುವುದು ಅಪರಾಧ. ಆದ್ದರಿಂದ ಹೋಗುವ ಮೊದಲು ನಿಮ್ಮ ವಕೀಲರಿಗೆ ಎಲ್ಲ ಕಾಗದಪತ್ರ ಒಮ್ಮೆ ತೋರಿಸಿ. "ತಪ್ಪೊಪ್ಪಿಕೊಂಡು ಪತ್ರ ಬರೆದರೆ ನಾಳೆ ಕೋರ್ಟಿನಲ್ಲಿ ಅದನ್ನೇ ತೋರಿಸ್ತಾರೆ" ಎಂದು ಅವರು ಎಚ್ಚರಿಸಬಹುದು. ತೋರಿಸಬಹುದು, ನಿಜ. ಅದರಲ್ಲಿ ನೀವು ಒಪ್ಪಿಕೊಳ್ಳುವುದಾದರೂ ಏನು? ಅವಳು ನಿಮ್ಮಪ್ಪನ ಮಗಳು, ಅವಳ ಹೆಸರನ್ನು ನೀವೇ ಬಿಟ್ಟಿರಿ ಅಂತ. ಇದನ್ನು ಮುಚ್ಚಿಟ್ಟು ಯಾವ ಕೇಸನ್ನು ಗೆಲ್ಲಲಾಗುತ್ತದೆ?

ಈಗ ಕಾಗದ. ಕೈಯಲ್ಲೇ ಬರೆಯಿರಿ, ಒಂದು ಪುಟ ಸಾಕು. "ಆದರೆ" ಎಂಬ ಪದ ಎಲ್ಲಿ ಬಂತೋ ಆ ಸಾಲನ್ನು ಹೊಡೆದು ಹಾಕಿ. "ನಿನಗೆ ನೋವಾಗಿದ್ದರೆ" ಎಂದೂ ಬೇಡ. ನೋವಾಗಿದೆ, ಊಟ ಬಿಟ್ಟು ಎದ್ದು ಹೋಗಿದ್ದಾಳೆ. ಭಾವ ಹೇಳಿಕೊಟ್ಟು ತಕರಾರು ಕೊಡಿಸಿದರು ಎಂಬ ಗುಮಾನಿ ನಿಮ್ಮ ಮನಸ್ಸಿನಲ್ಲಿದ್ದರೂ ಭಾವನ ಹೆಸರು ಎತ್ತಬೇಡಿ. ಹೀಗೆ ಬರೆಯಬಹುದು:

"ಅಕ್ಕ, ವಂಶವೃಕ್ಷದಲ್ಲಿ ನಿನ್ನ ಹೆಸರು ಬಿಟ್ಟದ್ದು ಮರೆವಿನಿಂದಲ್ಲ. ಬೇಕು ಅಂತಲೇ ಬಿಟ್ಟೆ. ಅದು ತಪ್ಪು. ನೀನು ತಕರಾರು ಕೊಟ್ಟದ್ದು ಸರಿ. ಅಮ್ಮನ ತಿಥಿಯ ದಿನ ಹೊಸ್ತಿಲು ತುಳಿಯಬೇಡ ಅಂದೆ. ಅದು ನಿನ್ನ ಮನೆಯೂ ಹೌದು. ಹಾಗನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವಳು ನೀನು. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದವಳೂ ನೀನೇ. ಆ ಗೂಡು ಮಾರಿದ ದುಡ್ಡಿನಲ್ಲಿ ನಾನು ಓದಿದೆ. ಖಾತೆ ಅರ್ಜಿ ವಾಪಸ್ ತಗೊಂಡಿದ್ದೇನೆ. ನಿನ್ನ ಹೆಸರು ಸೇರಿಸಲು ಅರ್ಜಿ ಕೊಟ್ಟಿದ್ದೇನೆ. ತಪ್ಪಾಯ್ತು ಅಕ್ಕ. ನೀನು ಉತ್ತರ ಬರೆಯಲೇಬೇಕು ಅಂತಿಲ್ಲ."

ಸೊಪ್ಪು, ಚಂದ್ರಿಕೆಯ ಸಾಲುಗಳು ನನ್ನ ಊಹೆ. ನಿಮಗೆ ನಿಜವಾಗಿ ನೆನಪಿರುವುದನ್ನು ಅಲ್ಲಿ ಹಾಕಿ. ಅರ್ಜಿಯ ಸಾಲನ್ನು ಮಾತ್ರ ಅರ್ಜಿ ಕೊಟ್ಟ ಮೇಲೆಯೇ ಬರೆಯಿರಿ. "ಕೊಡ್ತೀನಿ" ಅಂತ ಬರೆದರೆ ಅವಳು ನಂಬಲಿಕ್ಕಿಲ್ಲ. ನಂಬಲು ಕಾರಣವೂ ಇಲ್ಲ.

ಬೈದದ್ದು ನೆಂಟರ ಎದುರಿಗೆ. ಆದ್ದರಿಂದ ಕ್ಷಮೆ ಕಾಗದದೊಳಗೇ ಉಳಿದರೆ ಅರ್ಧ ಕೆಲಸ. ಅವತ್ತು ಅಲ್ಲಿದ್ದ ಹಿರಿಯರಲ್ಲಿ ಇಬ್ಬರು ಮೂವರಿಗೆ ನೀವೇ ಹೋಗಿ, "ತಪ್ಪು ನನ್ನದು, ಅವಳ ಹೆಸರು ನಾನೇ ಬಿಟ್ಟಿದ್ದೆ" ಎಂದು ಹೇಳಿ ಬನ್ನಿ. ಅವರನ್ನು ರಾಜಿಗೆ ಕಳಿಸಬೇಡಿ. ಆ ಸುದ್ದಿ ಚಿಂತಾಮಣಿಗೆ ತಾನಾಗಿಯೇ ತಲುಪುತ್ತದೆ.

ಪಾಲಿನ ಮಾತು ಅವಳು ಎತ್ತುವವರೆಗೂ ಎತ್ತಬೇಡಿ. ಎತ್ತಿದಾಗ ಮೂರು ದಾರಿ ಇವೆ. ಜಮೀನು ಅಳೆಸಿ ವಿಭಾಗ ಪತ್ರ ಮಾಡಬಹುದು. ಜಂಟಿ ಖಾತೆ ಮಾಡಿ ಅವಳ ಪಾಲಿನ ಆದಾಯ ಕೊಡುತ್ತಾ ಹೋಗಬಹುದು. ಅವಳೇ ಬೇಡ ಅಂದರೆ ಹಕ್ಕು ಖುಲಾಸೆಯೂ ಆಗಬಹುದು. ಆದರೆ ಅದು ಅವಳ ಬಾಯಿಂದ ಬರಬೇಕು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಮನೆಯಲ್ಲಿ ಕೂತು ಛಾಪಾ ಕಾಗದದ ಮೇಲೆ ಹಾಕಿಸಿಕೊಂಡ ಸಹಿಗೆ ಬೆಲೆ ಇಲ್ಲ.

ಗೌರಿ ಹಬ್ಬದ ಹೊತ್ತಿಗೂ ಅವಳು ಮಾತಾಡದಿದ್ದರೆ, ಪ್ರತಿ ವರ್ಷದಂತೆ ಬಾಗಿನ ತೆಗೆದುಕೊಂಡು ನೀವೇ ಹೋಗಿ. ಬಾಗಿಲಲ್ಲಿ ನಿಲ್ಲಿಸಿ ಕಳಿಸಿದರೆ ಬಾಗಿನ ಕೊಟ್ಟು ವಾಪಸ್ ಬನ್ನಿ. ಮುಂದಿನ ವರ್ಷವೂ ಹೋಗಿ.