ಲೈಸೆನ್ಸ್ ಅನುವಾದದಲ್ಲಿ ಎಲ್‌ಎಂವಿಯನ್ನು ‘ಬಿ’ ಮಾಡಿಸಬೇಡಿ

ಪ್ರಶ್ನೆ: ಮುಂದಿನ ತಿಂಗಳು ಮ್ಯೂನಿಕ್‌ಗೆ ಹೋಗ್ತಾ ಇದ್ದೀನಿ, ಅಲ್ಲಿ ಬಾಡಿಗೆ ಕಾರು ತಗೋಬೇಕು. ಬೆಂಗಳೂರಿನ ಡಿಎಲ್‌ನ ಫೋಟೊ ಕಳಿಸಿ ಜರ್ಮನ್‌ಗೆ ಅನುವಾದ ಮಾಡಿಸಿದ್ರೆ ಸಾಕಾ? ಏನೇನು ನೋಡ್ಕೋಬೇಕು?

ಫೋಟೊ ನೋಡಿ ಅನುವಾದ ಮಾಡಬಹುದು. ಆದರೆ ಕೌಂಟರ್‌ನಲ್ಲಿ ಮೂಲ ಕಾರ್ಡ್ ನಿಮ್ಮ ಕೈಯಲ್ಲಿ ಇರಲೇಬೇಕು. ಡಿಜಿಲಾಕರ್ ತೋರಿಸಿದರೆ ಅಲ್ಲಿ ನಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಮೊದಲು ಕಾರು ಬುಕ್ ಮಾಡಿದ ಕಂಪನಿಗೆ ಮೇಲ್ ಹಾಕಿ, ಯಾರು ಮಾಡಿದ ಅನುವಾದ ಒಪ್ಪುತ್ತೀರಿ, ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಬೇಕಾ ಅಂತ ಕೇಳಿ. ಉತ್ತರ ಬರಹದಲ್ಲೇ ಇರಲಿ. ಪರ್ಮಿಟ್ ಬೇಕು ಅಂದರೆ ಊರು ಬಿಡುವ ಮೊದಲೇ ಆರ್‌ಟಿಓದಲ್ಲಿ ಮಾಡಿಸಿಕೊಳ್ಳಿ. ಅದು ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ.

ನಾನು ಮಲ್ಲೇಶ್ವರದಲ್ಲಿ ಕೂತು ಜರ್ಮನ್ ಅನುವಾದ ಮಾಡುತ್ತೇನೆ. ಡಿಎಲ್‌ನಲ್ಲಿ ಹೆಸರು, ವಿಳಾಸ ತಪ್ಪುವುದು ಕಡಿಮೆ. ತಪ್ಪಾಗುವುದು ಕಾರ್ಡಿನ ಹಿಂಭಾಗದಲ್ಲಿ.

ಅಲ್ಲಿ ಎಲ್‌ಎಂವಿ ಅಂತ ಇರುತ್ತದೆ. ಜರ್ಮನಿಯಲ್ಲಿ ಕಾರಿನ ವರ್ಗ ‘ಬಿ’. ಎರಡೂ ಕಾರೇ ಅಲ್ವಾ ಅಂತ ಕೆಲವರು ನೇರವಾಗಿ ‘ಬಿ’ ಬರೆದುಬಿಡುತ್ತಾರೆ. ಇದು ತಪ್ಪು. ನಮ್ಮ ಎಲ್‌ಎಂವಿ 7,500 ಕಿಲೋ ತೂಕದವರೆಗೆ ಹೋಗುತ್ತದೆ. ಅವರ ‘ಬಿ’ 3,500 ಕಿಲೋಗೆ ನಿಲ್ಲುತ್ತದೆ, ಚಾಲಕನನ್ನು ಬಿಟ್ಟು ಎಂಟು ಸೀಟು. ನಮ್ಮ ಕಾರ್ಡಿನಲ್ಲಿ ಇಲ್ಲದ ಅಕ್ಷರ ಅನುವಾದದಲ್ಲಿ ಕಂಡರೆ ಕೌಂಟರ್‌ನವರು ಎರಡನ್ನೂ ಪಕ್ಕಪಕ್ಕ ಇಟ್ಟು, ಇದು ಬೇರೆ ಯಾರದೋ ಕಾಗದ ಅಂತ ಅನುಮಾನಪಡಬಹುದು. ಹಾಗಾಗಿ ಎಲ್‌ಎಂವಿ ಅಕ್ಷರ ಹಾಗೇ ಉಳಿಯಬೇಕು. ಅದರ ಪಕ್ಕದಲ್ಲಿ ‘ಹಗುರ ಮೋಟಾರು ವಾಹನ’ ಅನ್ನುವ ಅರ್ಥ ಜರ್ಮನ್‌ನಲ್ಲಿ ಬರಬೇಕು. ಎಂಸಿಡಬ್ಲ್ಯುಜಿಗೂ ಇದೇ ಮಾತು: ‘ಗೇರ್ ಇರುವ ಮೋಟಾರ್ ಸೈಕಲ್’.

ಇನ್ನು ದಿನಾಂಕ. ಕಳೆದ ವರ್ಷ ಒಬ್ಬ ಹಿರಿಯರು ಬೇರೆ ಕಡೆ ಮಾಡಿಸಿದ ಅನುವಾದ ತಂದು ತೋರಿಸಿದರು. ಅವರ ಕಾರ್ಡ್ 2024ರ ನವೆಂಬರ್‌ನಲ್ಲಿ ರಿನ್ಯೂವಲ್ ಆಗಿತ್ತು, ಮುಂಭಾಗದಲ್ಲಿ ಆ ದಿನಾಂಕ. ಹಿಂಭಾಗದಲ್ಲಿ ಎಲ್‌ಎಂವಿ ಸಾಲಿನ ಎದುರು 08-11-2004. ಅನುವಾದಕರು ಮುಂಭಾಗದ ದಿನಾಂಕ ಮಾತ್ರ ತಗೊಂಡು, ಅದಕ್ಕೆ ‘ಲೈಸೆನ್ಸ್ ಪಡೆದ ದಿನ’ ಅಂತ ಬರೆದಿದ್ದರು. ಇಪ್ಪತ್ತು ವರ್ಷ ಕಾರು ಓಡಿಸಿದ ಮನುಷ್ಯ ಆ ಹಾಳೆಯಲ್ಲಿ ಹೊಸ ಡ್ರೈವರ್! ತುಂಬಾ ಬಾಡಿಗೆ ಕಂಪನಿಗಳು ಲೈಸೆನ್ಸ್ ಕನಿಷ್ಠ ಒಂದು ವರ್ಷ ಹಳೆಯದಿರಬೇಕು ಅನ್ನುತ್ತವೆ. ಅವರು ಹೊರಡುವ ಮೊದಲೇ ತೋರಿಸಿದ್ದು ಒಳ್ಳೆಯದಾಯಿತು, ನನಗೆ ನಿಜಕ್ಕೂ ನೆಮ್ಮದಿ ಆಯಿತು. ‘ಈ ಕಾರ್ಡ್ ಕೊಟ್ಟ ದಿನ’, ‘ಎಲ್‌ಎಂವಿ ಕೊಟ್ಟ ದಿನ’ ಅಂತ ಎರಡು ಸಾಲು ಮಾಡಿ ಹೊಸದಾಗಿ ಬರೆದುಕೊಟ್ಟೆ.

ವ್ಯಾಲಿಡಿಟಿಯಲ್ಲೂ ಎರಡು ಇರಬಹುದು. ಎನ್‌ಟಿ ಅಂದರೆ ಸ್ವಂತ ವಾಹನ, ಟಿಆರ್ ಅಂದರೆ ಬಾಡಿಗೆ, ಸರಕು ಸಾಗಣೆಯ ವಾಹನ. ಹಿಂದೆ ಯಾವಾಗಲೋ ಟ್ಯಾಕ್ಸಿ ಓಡಿಸಿದವರಿಗೆ ಟಿಆರ್ ಅವಧಿ ಮುಗಿದಿರುತ್ತದೆ, ಎನ್‌ಟಿ ಇನ್ನೂ ಇರುತ್ತದೆ. ಎನ್‌ಟಿ, ಟಿಆರ್ ಅಂತ ಹಾಕದೆ ಬರಿ ದಿನಾಂಕ ಬರೆದರೆ ಲೈಸೆನ್ಸೇ ಮುಗಿದಿದೆ ಅಂದುಕೊಳ್ಳುತ್ತಾರೆ.

ನಿರ್ಬಂಧದ ವಿಷಯದಲ್ಲಿ ಏನನ್ನೂ ಸೇರಿಸುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಯುರೋಪಿನ ಕಾರ್ಡಿನಲ್ಲಿ ಕನ್ನಡಕಕ್ಕೆ 01, ಆಟೋಮ್ಯಾಟಿಕ್ ಗೇರ್ ಮಾತ್ರ ಅನ್ನುವುದಕ್ಕೆ 78 ಅನ್ನುವ ಕೋಡ್ ಇವೆ. ನೀವು ಕನ್ನಡಕ ಹಾಕುತ್ತೀರಿ ಅಂತ ಅನುವಾದಕರು 01 ಬರೆಯಬಾರದು. ನಿಮ್ಮ ಕಾರ್ಡಿನಲ್ಲಿ ಒಂದು ಜಾಗ ಖಾಲಿ ಇದ್ದರೆ ‘ಖಾಲಿ’ ಅಂತಲೇ ಬರಬೇಕು. ‘ನಿರ್ಬಂಧ ಇಲ್ಲ’ ಅಂತ ಬರೆದರೆ ಅದು ಬೇರೆ ಮಾತಾಗುತ್ತದೆ. ಹಾಗೇ ಅಂಗವಿಕಲರಿಗೆ ಹೊಂದಿಸಿದ ವಾಹನಕ್ಕೆ ಮಾತ್ರ ಅಂತ ಇದ್ದರೆ ಅದು ಪೂರ್ತಿಯಾಗಿ ಬರಬೇಕು.

ಫೋಟೊ ತೆಗೆಯುವಾಗ ಕಾರ್ಡನ್ನು ಕಿಟಕಿ ಹತ್ತಿರ ಟೇಬಲ್ ಮೇಲೆ ಚಪ್ಪಟೆಯಾಗಿ ಇಡಿ, ಫ್ಲ್ಯಾಶ್ ಬೇಡ. ಎರಡೂ ಬದಿ, ನಾಲ್ಕೂ ಮೂಲೆ ಕಾಣಬೇಕು. ಪರ್ಸಲ್ಲಿ ಉಜ್ಜಿ ಸವೆದ ಕಾರ್ಡಿನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಪರಿವಾಹನ್ ಸೈಟಿನಲ್ಲಿ ಡಿಎಲ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿ ನೋಡಿ, ಆ ವಿವರವನ್ನೂ ಅನುವಾದಕರಿಗೆ ಕಳಿಸಿ. ಅನುವಾದ ಕೈಗೆ ಬಂದ ಮೇಲೆ ಮನೆಯಲ್ಲಿ ಒಬ್ಬರು ಕಾರ್ಡಿನಿಂದ ಒಂದೊಂದೇ ಅಂಕಿ ಜೋರಾಗಿ ಓದಲಿ, ನೀವು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗಿ. ಹತ್ತು ನಿಮಿಷದ ಕೆಲಸ. ತಪ್ಪು ಸಿಕ್ಕರೆ ಪೆನ್ನಿನಲ್ಲಿ ತಿದ್ದಬೇಡಿ, ಹೊಸ ಹಾಳೆಯಲ್ಲೇ ಮಾಡಿಸಿಕೊಳ್ಳಿ.